ಗಾಳಿಗೆ ಮಗುಚಿದ ಕೊಡೆ

ವಿಜಯಪುರ ಜಿಲ್ಲೆಯ ಇಂಡಿ, ಬಸವನ ಬಾಗೇವಾಡಿಗಳ ಕಡೆಯ ದ್ರಾಕ್ಷಿತೋಟದಲ್ಲಿ ಕಾಯಿದ್ರಾಕ್ಷಿ ಕಡಿದವರ ಹಲ್ಲು ಜುಮ್ಮೆನ್ನುತ್ತದೆ. ಆ ಹುಳಿಯಲ್ಲಿ ಮ್ಯಾಲಿಕ್ ಆಮ್ಲದ ಪಾಲು ದೊಡ್ಡದು. ಅದರ ಅಣುವಿಗೆ ಎಡಗೈ-ಬಲಗೈಗಳಂತೆ ಎರಡು ರೂಪಗಳುಂಟು. ಒಂದು ಬೆಳಕಿನ ಕಂಪನತಲವನ್ನು ಎಡಕ್ಕೆ ತಿರುಗಿಸಿದರೆ ಇನ್ನೊಂದು ಅಷ್ಟೇ ಬಲಕ್ಕೆ ತಿರುಗಿಸುತ್ತದೆ. ಹಣ್ಣು ಮಾಡುವುದು ಒಂದನ್ನೇ.

1896ರಲ್ಲಿ ಪಾಲ್ ವಾಲ್ಡೆನ್ ಎಂಬ ರಸಾಯನಜ್ಞ ಈ ಆಮ್ಲದ ಹೈಡ್ರಾಕ್ಸಿಲನ್ನು ತೆಗೆದು ಅಲ್ಲಿ ಕ್ಲೋರಿನ್ ಕೂರಿಸಿದ. ಆಮೇಲೆ ಕ್ಲೋರಿನ್ನನ್ನು ತೆಗೆದು ಹೈಡ್ರಾಕ್ಸಿಲನ್ನೇ ಮರಳಿ ತಂದ. ಬಂದದ್ದು ಮ್ಯಾಲಿಕ್ ಆಮ್ಲವೇ, ಆದರೆ ಇನ್ನೊಂದು ಕೈಯದು! ಎರಡು ಹೆಜ್ಜೆಗಳಲ್ಲಿ ಅಣು ಮಗುಚಿದ್ದು ಯಾವುದರಲ್ಲಿ?

ಈ ಒಗಟಿಗೆ ಲಂಡನ್ನಿನ ಹ್ಯೂಸ್ ಮತ್ತು ಸಂಗಡಿಗರು 1935ರಲ್ಲಿ ಹೂಡಿದ ಉಪಾಯ ನನಗೆ ಬಲು ಮೆಚ್ಚು. ಅವರು ಒಂದೇ ಕೈಯ ಅಯೊಡೊಆಕ್ಟೇನನ್ನು ಅಸಿಟೋನಿನಲ್ಲಿ ಕರಗಿಸಿ, ವಿಕಿರಣಶೀಲ ಅಯೊಡೈಡನ್ನು ಬೆರೆಸಿದರು. ಅಯೊಡಿನ್ ಹೋಗಿ ಅಯೊಡಿನ್ನೇ ಬರುವುದರಿಂದ ಹೆಜ್ಜೆ ಒಂದೇ. ಎಷ್ಟು ಅಣುಗಳು ಬದಲಾದವೆಂದು ವಿಕಿರಣ ಹೇಳುತ್ತದೆ. ಎಷ್ಟು ಮಗುಚಿದವೆಂದು ಬೆಳಕು ಹೇಳುತ್ತದೆ. ನೂರು ಅಣುಗಳಲ್ಲಿ ಹತ್ತು ಬದಲಾದವೆನ್ನೋಣ. ಹತ್ತೂ ಮಗುಚಿದ್ದರೆ ಆ ಹತ್ತು, ಮಗುಚದ ಹತ್ತರ ಪ್ರಭಾವವನ್ನು ಅಳಿಸಿ, ಬೆಳಕಿನ ತಿರುವು ಎಂಬತ್ತಕ್ಕೆ ಇಳಿಯಬೇಕು; ಅರ್ಧ ಮಾತ್ರ ಮಗುಚಿದ್ದರೆ ತೊಂಬತ್ತಕ್ಕೆ. ತಿರುವು ಅಳಿದ ವೇಗ ಅಯೊಡಿನ್ ಬದಲಾದ ವೇಗದ ಎರಡರಷ್ಟಿತ್ತು. ಎಂದರೆ ಬದಲಾದ ಪ್ರತಿಯೊಂದು ಅಣುವೂ ಮಗುಚಿತ್ತು.

ಹೊಸಬ ಹಿಂಬಾಗಿಲಿನಿಂದ ನುಗ್ಗುತ್ತಿರುವಾಗಲೇ ಹಳಬ ಮುಂಬಾಗಿಲಿನಿಂದ ಹೊರಡುತ್ತಾನೆ. ಇಂಗಾಲದ ಉಳಿದ ಮೂರು ಕೈಗಳು ಗಾಳಿಗೆ ಸಿಕ್ಕ ಕೊಡೆಯಂತೆ ಆಚೆಗೆ ಮಗುಚುತ್ತವೆ. ಹ್ಯೂಸ್ ಮತ್ತು ಇಂಗೋಲ್ಡ್ ಇದನ್ನು ಎಸ್‌ಎನ್ 2 ಎಂದು ಕರೆದರು. ಇದರ ವೇಗ ಇಬ್ಬರನ್ನೂ ಅವಲಂಬಿಸಿದೆ. ಅಸಿಟೋನ್ ಇದಕ್ಕೆ ಅನುಕೂಲ, ಏಕೆಂದರೆ ಅದು ಅಯೊಡೈಡನ್ನು ಸುತ್ತಿ ಹಿಡಿಯದೆ ಚುರುಕಾಗಿಯೇ ಬಿಡುತ್ತದೆ. ನೀರಾದರೋ ಅದನ್ನು ಮುತ್ತಿ ಮಂಕಾಗಿಸುತ್ತದೆ.

ಇಂಗಾಲದ ಮೂರು ಕೈಗಳಲ್ಲೂ ದಪ್ಪ ಗುಂಪುಗಳಿದ್ದರೆ ಹಿಂಬಾಗಿಲು ಮುಚ್ಚಿದಂತೆಯೇ. ಟರ್ಷರಿ ಬ್ಯುಟೈಲ್ ಕ್ಲೋರೈಡಿನ ಪಾಡು ಅದು. ಅಲ್ಲಿ ಹಳಬ ಮೊದಲು ತಾನಾಗಿ ಹೊರಡಬೇಕು. ಆ ನಿಧಾನದ ಹೆಜ್ಜೆಯೇ ವೇಗವನ್ನು ಗೊತ್ತುಮಾಡುವುದರಿಂದ ಹೊಸಬನನ್ನು ಹೆಚ್ಚಿಸಿ ಪ್ರಯೋಜನವಿಲ್ಲ. ಇದು ಎಸ್‌ಎನ್ 1. ಹೊರಟ ಕ್ಲೋರೈಡಿಗೂ ಉಳಿದ ಧನಾವೇಶದ ಇಂಗಾಲಕ್ಕೂ ಆಸರೆ ಕೊಡುವ ನೀರು ಇಲ್ಲಿ ಉಪಕಾರಿ; ಮದ್ಯಸಾರಕ್ಕೆ ನೀರು ಬೆರೆಸಿದಷ್ಟೂ ಕ್ರಿಯೆ ಚುರುಕಾಗುತ್ತದೆ. ಉಳಿದ ಇಂಗಾಲ ಚಪ್ಪಟೆಯಾದ್ದರಿಂದ ಹೊಸಬ ಎರಡು ಕಡೆಯಿಂದಲೂ ಬರಬಲ್ಲ. ಕೈಗಳ ಭೇದವಿರುವ ಅಣುವಾದರೆ ಎರಡು ರೂಪಗಳೂ ಹೆಚ್ಚುಕಡಮೆ ಸಮವಾಗಿ ಸಿಗುತ್ತವೆ.

ವಾಲ್ಡೆನ್ನನ ಆಮ್ಲ ಮಗುಚಿದ್ದು ಕ್ಲೋರಿನ್ ಬಂದ ಹೆಜ್ಜೆಯಲ್ಲಿ. ಎರಡನೆಯ ಹೆಜ್ಜೆಯಲ್ಲಿ ಅಣುವಿನ ಸ್ವಂತ ಆಮ್ಲಗುಂಪೇ ಹಿಂದಿನಿಂದ ಬಂದು ಕ್ಲೋರಿನ್ನನ್ನು ತಳ್ಳಿತು. ಆಮೇಲೆ ಅದನ್ನು ಹೈಡ್ರಾಕ್ಸಿಲ್ ಹಿಂದಿನಿಂದಲೇ ತಳ್ಳಿತು. ಕೊಡೆ ಎರಡು ಸಲ ಮಗುಚಿ ಮಗುಚದಂತೆಯೇ ಕಂಡಿತು.