‘ಧರ್ಮ’ ಇಂಗ್ಲಿಷಿಗೆ ಹೋದಾಗ: ರಾಯದುರ್ಗ–ಮಡಕಶಿರಾ ಸೀಮೆಯ ಸಾಕ್ಷ್ಯ

ರಾಯದುರ್ಗ, ಮಡಕಶಿರಾ ಎರಡೂ ಆಂಧ್ರಪ್ರದೇಶದಲ್ಲಿದ್ದರೂ ಅಲ್ಲಿನ ಹಲವು ಹಳ್ಳಿಗಳ ಮನೆಮಾತು ಕನ್ನಡ. ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದ ರಾಯದುರ್ಗ 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಅನಂತಪುರಕ್ಕೆ ಸೇರಿತು. ಮೊದಲಿನಿಂದ ಅನಂತಪುರದಲ್ಲೇ ಇದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಈ ಸೀಮೆಯ ಬಂಡೆ, ಶಾಸನ, ಇನಾಂ ದಫ್ತರುಗಳಲ್ಲಿ ‘ಧರ್ಮ’ ಎಂಬ ಮಾತು ಬಗೆಬಗೆಯಾಗಿ ಬಳಕೆಯಾಗಿದೆ. ಅದಕ್ಕೆ ಇಂಗ್ಲಿಷಿನಲ್ಲಿ ‘ರಿಲಿಜನ್’ ಎಂದು ಬರೆದರೆ ಏನು ಉಳಿಯುತ್ತದೆ, ಏನು ಬಿಟ್ಟುಹೋಗುತ್ತದೆ ಎಂಬುದನ್ನು ಇಲ್ಲಿ ಚೆನ್ನಾಗಿ ನೋಡಬಹುದು.

ಆಡುಮಾತಿನ ಧರ್ಮ

‘ಧರ್ಮ ಮಾಡಿ ತಾಯಿ’ ಎಂದು ಬೇಡುವವನು ಕೇಳುವುದು ಹಿಡಿ ಅನ್ನ. ‘ಧರ್ಮಕ್ಕೆ ಕೊಟ್ಟ’ ಎಂದರೆ ಕಾಸು ತೆಗೆದುಕೊಳ್ಳದೆ ಕೊಟ್ಟ. ‘ಇದು ನಿನಗೆ ಧರ್ಮವೇನಪ್ಪ?’ ಎಂದರೆ ನ್ಯಾಯವೇ ಎಂಬ ಪ್ರಶ್ನೆ. ಸುಡುವುದು ಬೆಂಕಿಯ ಧರ್ಮ ಎನ್ನುವಾಗ ಅದು ವಸ್ತುವಿನ ಗುಣ. ಬೌದ್ಧ, ಜೈನ, ವೈಷ್ಣವ ಎಂಬಂಥ ಪಂಥಗಳಿಗೆ ಹಿಂದಿನವರು ಹೆಚ್ಚಾಗಿ ಬಳಸುತ್ತಿದ್ದದ್ದು ‘ಮತ’, ‘ಸಮಯ’ ಎಂಬ ಮಾತುಗಳನ್ನು. ಜನಗಣತಿಯ ಫಾರಮ್ಮಿನಲ್ಲಿ ‘ಧರ್ಮ’ ಎಂಬ ಕಾಲಮ್ಮು ಕಂಡು ಬೆಳೆದ ನಮಗೆ ‘ರಿಲಿಜನ್’ ಎಂಬ ಅರ್ಥವೇ ಮೊದಲು ನೆನಪಾಗುತ್ತದೆ. ಅದು ಈ ಮಾತಿಗೆ ತಡವಾಗಿ ಅಂಟಿಕೊಂಡ ಅರ್ಥ. ಇಂಗ್ಲಿಷಿಗೆ ಮಾಡಿದ ಅನುವಾದ ತಿರುಗಿ ಬಂದು ಕನ್ನಡದ ಪದವನ್ನೇ ಕಿರಿದು ಮಾಡಿದೆ ಎಂದು ನನಗನ್ನಿಸುತ್ತದೆ.

ಬ್ರಹ್ಮಗಿರಿಯ ಬಂಡೆ

ರಾಯದುರ್ಗದಿಂದ ಪಶ್ಚಿಮಕ್ಕೆ ಗಡಿ ದಾಟಿದರೆ ಮೊಳಕಾಲ್ಮೂರು ತಾಲ್ಲೂಕು. ಅಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರುಶಾಸನಗಳಿವೆ. ಬಿ.ಎಲ್. ರೈಸ್ ಅವುಗಳನ್ನು 19ನೆಯ ಶತಮಾನದ ಕೊನೆಯಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿಯ ಬಂಡೆ ‘ಧಮ್ಮ’ದ ಗುಣಗಳು ಯಾವುವೆಂದು ತಾನೇ ಹೇಳುತ್ತದೆ: ತಂದೆತಾಯಿಯ ಮಾತು ಕೇಳುವುದು, ಜೀವಿಗಳ ವಿಷಯದಲ್ಲಿ ಗಟ್ಟಿಮನಸ್ಸಿನ ದಯೆ, ನಿಜ ನುಡಿಯುವುದು, ಶಿಷ್ಯ ಗುರುವನ್ನು ಗೌರವಿಸುವುದು, ನೆಂಟರಿಷ್ಟರೊಡನೆ ಸರಿಯಾಗಿ ನಡೆದುಕೊಳ್ಳುವುದು. ಇದು ಹಳೆಯ ಕಾಲದಿಂದ ಬಂದ ನಡೆ ಎಂದೂ ಸೇರಿಸುತ್ತದೆ. ಇಷ್ಟರಲ್ಲಿ ದೇವರ ಹೆಸರಿಲ್ಲ, ಪೂಜೆಯಿಲ್ಲ, ಮತದ ಗುರುತಿಲ್ಲ.

ಅಶೋಕನ ಧಮ್ಮವನ್ನು ಇಂಗ್ಲಿಷಿಗೆ ತಂದವರು ಒಂದೇ ಮಾತಿಗೆ ನಿಲ್ಲಲಿಲ್ಲ. ವಿನ್ಸೆಂಟ್ ಸ್ಮಿತ್ ‘ಲಾ ಆಫ್ ಪಾಯಿಟಿ’ ಎಂದರು, ಹುಲ್ಟ್ಸ್ ‘ಮೊರಾಲಿಟಿ’ ಎಂದರು. ಮೊದಲನೆಯದರಲ್ಲಿ ಇಲ್ಲದ ದೈವಭಕ್ತಿ ಒಳಹೊಕ್ಕಿತು. ಎರಡನೆಯದರಲ್ಲಿ ನಡತೆಯ ಅರ್ಥ ಉಳಿದರೂ, ಅದು ಪರಂಪರೆಯಿಂದ ಬಂದ ಕಟ್ಟು ಎಂಬ ಭಾರ ಹೋಯಿತು. ಈ ಕಷ್ಟ ಇಂಗ್ಲಿಷಿನದಷ್ಟೇ ಅಲ್ಲ. 1958ರಲ್ಲಿ ಅಫ್ಘಾನಿಸ್ತಾನದ ಕಂದಹಾರದಲ್ಲಿ ಸಿಕ್ಕ ಅಶೋಕನ ದ್ವಿಭಾಷಾ ಶಾಸನದಲ್ಲಿ ಗ್ರೀಕ್ ಪಾಠ ಧಮ್ಮವನ್ನು ‘ಯುಸೆಬಿಯಾ’, ಅಂದರೆ ಪೂಜ್ಯಭಾವ, ಎನ್ನುತ್ತದೆ. ಅದರ ಕೆಳಗಿನ ಅರಮಾಯಿಕ್ ಪಾಠದ ಪದಕ್ಕೆ ಸತ್ಯ ಎಂಬ ಅರ್ಥ. ಒಬ್ಬ ರಾಜನ ಒಂದೇ ಆಜ್ಞೆಗೆ, ಒಂದೇ ಕಲ್ಲಿನ ಮೇಲೆ ಎರಡು ಬೇರೆ ತಿರುಳುಗಳು ದಕ್ಕಿದವು.

ಶಾಸನದಲ್ಲಿ, ಇನಾಮಿನಲ್ಲಿ

ಕನ್ನಡ ದಾನಶಾಸನಗಳಿಗೆ ಬಂದರೆ ಧರ್ಮ ಎಂಬುದು ಕೈಗೆ ಸಿಗುವ ವಸ್ತುವಾಗುತ್ತದೆ. ಬಿಟ್ಟ ಗದ್ದೆ, ಕಟ್ಟಿಸಿದ ಕೆರೆ, ನಡೆಸುವ ಸತ್ರ, ಇವೇ ‘ಈ ಧರ್ಮ’. ಅದನ್ನು ಕಾಪಾಡಿದವರಿಗೆ ಪುಣ್ಯ, ಕೆಡಿಸಿದವರಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ ಎಂದು ಕೊನೆಯಲ್ಲಿ ಬರೆಸುವುದು ವಾಡಿಕೆ. ಇಂಗ್ಲಿಷಿನಲ್ಲಿ ಇದು ‘ಗ್ರಾಂಟ್’ ಅಥವಾ ‘ಚಾರಿಟಿ’ ಆಗುತ್ತದೆ. ಆಗ ಜಮೀನೇನೋ ಉಳಿಯುತ್ತದೆ. ಆದರೆ ಕೊಟ್ಟವನು ಸತ್ತ ಮೇಲೆ ಅದನ್ನು ನಡೆಸಿಕೊಂಡು ಹೋಗುವ ಹೊಣೆ ಊರಿನದು ಎಂಬ ಅರ್ಥ ಜಾರಿಹೋಗುತ್ತದೆ.

ಮದ್ರಾಸ್ ಪ್ರಾಂತದಲ್ಲಿ 1858ರಲ್ಲಿ ಇನಾಂ ಕಮಿಷನ್ ಶುರುವಾದಾಗ ಇಂಥ ಜಮೀನುಗಳನ್ನು ವಿಂಗಡಿಸಬೇಕಾಯಿತು. ದೇವಸ್ಥಾನದ್ದು ದೇವಾದಾಯ, ಸತ್ರ, ಅರವಟ್ಟಿಗೆಯಂಥ ಜನೋಪಯೋಗದ್ದು ಧರ್ಮಾದಾಯ. ಇವತ್ತಿಗೂ ಆಂಧ್ರದ ಇಲಾಖೆಯ ಹೆಸರು ತೆಲುಗಿನಲ್ಲಿ ‘ದೇವಾದಾಯ ಧರ್ಮಾದಾಯ ಶಾಖೆ’, ಇಂಗ್ಲಿಷಿನಲ್ಲಿ ಬರೀ ‘ಎಂಡೋಮೆಂಟ್ಸ್’. ಕಾಯಿದೆಯ ಭಾಷೆಯಲ್ಲಿ ‘ರಿಲಿಜಿಯಸ್’, ‘ಚಾರಿಟಬಲ್’ ಎಂಬ ಜೋಡಿ ಇದಕ್ಕೆ ನಿಂತಿದೆ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ: ಧರ್ಮ ಎಂಬ ಮಾತು ಬಿದ್ದಿರುವುದು ‘ರಿಲಿಜಿಯಸ್’ ಪಾಲಿಗಲ್ಲ, ‘ಚಾರಿಟಬಲ್’ ಪಾಲಿಗೆ.

ಉಯಿಲು ಬಿದ್ದುಹೋದ ಬಗೆ

ಅನುವಾದದಿಂದ ಆಸ್ತಿಯೇ ಕೈತಪ್ಪಿದ್ದೂ ಉಂಟು. ಬೊಂಬಾಯಿಯ ಒಬ್ಬರು ತಮ್ಮ ಉಯಿಲಿನಲ್ಲಿ ಉಳಿದ ಆಸ್ತಿಯನ್ನು ‘ಧರಮ್’ಗೆ ಎಂದು ಬರೆದಿದ್ದರು. ರಣಛೋಡದಾಸ್ ವಿರುದ್ಧ ಪಾರ್ವತಿಬಾಯಿ ಎಂಬ ಆ ಮೊಕದ್ದಮೆ 1899ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ತೀರ್ಮಾನವಾಯಿತು. ನ್ಯಾಯಾಧೀಶರು ವಿಲ್ಸನ್ನರ ನಿಘಂಟು ತೆಗೆದರು. ಅಲ್ಲಿ ಧರ್ಮಕ್ಕೆ ಕಾನೂನು, ಸದ್ಗುಣ, ಕಾನೂನಿನ ಅಥವಾ ನೈತಿಕ ಕರ್ತವ್ಯ ಎಂಬ ಅರ್ಥಗಳಿದ್ದವು. ಇಷ್ಟು ವಿಶಾಲವಾದ ಉದ್ದೇಶವನ್ನು ಕೋರ್ಟು ನಡೆಸಿಕೊಡಲಾಗದು, ಆದ್ದರಿಂದ ದಾನ ಅನಿಶ್ಚಿತ, ಅಸಿಂಧು ಎಂದು ತೀರ್ಪಾಯಿತು.

ತೀರ್ಪಿನ ತರ್ಕ ಇಂಗ್ಲಿಷ್ ಟ್ರಸ್ಟ್ ಕಾನೂನಿನದು. ದುಡ್ಡು ಸರಿಯಾದ ಕೆಲಸಕ್ಕೆ ಹೋಯಿತೇ ಎಂದು ಕೋರ್ಟು ಪರಿಶೀಲಿಸಬೇಕಾದರೆ ಆ ಕೆಲಸ ಯಾವುದೆಂದು ಗೊತ್ತಿರಬೇಕು. ‘ಚಾರಿಟಿ’ಗೆ ಆ ಕಾನೂನಿನಲ್ಲಿ ನಿಂತ ಅರ್ಥವಿತ್ತು. ನಿಘಂಟಿನ ಧರ್ಮ ಅದರ ಎಲ್ಲೆ ಮೀರಿತ್ತು. ಎಡವಿದ್ದು ಎಲ್ಲೆಂದರೆ, ಬಿಡಿ ಪದದ ಅರ್ಥಗಳನ್ನೆಲ್ಲ ರಾಶಿ ಹಾಕಿದರೇ ಹೊರತು, ‘ಧರ್ಮಕ್ಕೆ ಬಿಟ್ಟೆ’ ಎಂಬ ನುಡಿಗಟ್ಟನ್ನು ನೋಡಲಿಲ್ಲ. ಆಸ್ತಿ ಬಿಡುವವನ ಬಾಯಲ್ಲಿ ಅದಕ್ಕೆ ಅರ್ಥ ಬಹಳ ಇಲ್ಲ: ಯಜ್ಞ, ಪೂಜೆಯ ‘ಇಷ್ಟ’ ಮತ್ತು ಕೆರೆ, ಬಾವಿ, ಸತ್ರ, ಅನ್ನದಾನದ ‘ಪೂರ್ತ’ ಎಂದು ಧರ್ಮಶಾಸ್ತ್ರ ಗುರುತಿಸಿದ ಕೆಲಸಗಳು. ಕಾಲುದಾರಿಯಲ್ಲಿ ಬಾವಿ ತೋಡಿಸಿದವನಿಗೆ ಇದು ಗೊತ್ತಿತ್ತು.

ಹೀಗೆ ಬಿದ್ದುಹೋದ ಆಸ್ತಿ, ಉಯಿಲೇ ಇಲ್ಲದಿದ್ದರೆ ಯಾರಿಗೆ ಬರುತ್ತಿತ್ತೋ ಆ ವಾರಸುದಾರರಿಗೆ ಸೇರುತ್ತದೆ. ರಾಯದುರ್ಗದ ವರ್ತಕರೊಬ್ಬರು ‘ಮಿಕ್ಕಿದ್ದು ಧರ್ಮಕ್ಕೆ’ ಎಂದು ಬರೆದರೆಂದುಕೊಳ್ಳಿ. ಈ ತರ್ಕದಲ್ಲಿ ಅದು ನಿಲ್ಲುವುದಿಲ್ಲ. ‘ಧರ್ಮಛತ್ರದಲ್ಲಿ ದಾರಿಹೋಕರ ಊಟಕ್ಕೆ’ ಎಂದಿದ್ದರೆ ನಿಲ್ಲುತ್ತದೆ. ಅರ್ಧ ಶತಮಾನ ಕಳೆದು ಬಂದ 1950ರ ಬೊಂಬಾಯಿ ಪಬ್ಲಿಕ್ ಟ್ರಸ್ಟ್ ಕಾಯಿದೆ, ಧರ್ಮ, ಪುಣ್ಯಕಾರ್ಯ ಎಂದು ಬರೆದ ಮಾತ್ರಕ್ಕೆ ಸಾರ್ವಜನಿಕ ಟ್ರಸ್ಟು ಅಸಿಂಧುವಾಗದು ಎಂದು ಸೇರಿಸಿತು. ಆ ಪದಗಳನ್ನು ಅದು ಅನುವಾದ ಮಾಡದೆ ಇದ್ದ ಹಾಗೇ ಬಳಸಿದೆ. ಆದರೆ ಈ ಕಾಯಿದೆ ಆ ರಾಜ್ಯಕ್ಕೆ ಸೀಮಿತವಾಗಿತ್ತು.

ಅಮರಾಪುರದ ನಿಸಿಧಿಗಳು

ಅನುವಾದದಲ್ಲಿ ಹೀಗೆ ಅರ್ಥ ಕಳೆದುಕೊಳ್ಳುವುದು ‘ಧರ್ಮ’ ಒಂದೇ ಅಲ್ಲ. ಮಡಕಶಿರಾ ಸೀಮೆಯ ಅಮರಾಪುರದಲ್ಲಿ ನಿಸಿಧಿ ಕಲ್ಲುಗಳಿವೆ. ಆಹಾರ ನೀರು ಹಂತಹಂತವಾಗಿ ಬಿಟ್ಟು ದೇಹ ತ್ಯಜಿಸಿದ ಜೈನರ ನೆನಪಿಗೆ ನಿಲ್ಲಿಸುವ ಕಲ್ಲುಗಳಿವು. ಸಲ್ಲೇಖನ, ಸಮಾಧಿ, ಸನ್ಯಸನ ಎಂಬ ಮಾತುಗಳಲ್ಲಿ ಗುರುವಿನ ಅಪ್ಪಣೆ, ವ್ರತ, ಕಷಾಯಗಳನ್ನು ಕಳೆದುಕೊಳ್ಳುವ ಸಾಧನೆ ಎಲ್ಲ ಅಡಗಿವೆ. ಇಂಗ್ಲಿಷಿನಲ್ಲಿ ‘ಸುಯಿಸೈಡ್’ ಎಂದೊಡನೆ ಅದಕ್ಕೆ ಅಪರಾಧದ ಛಾಯೆ ಬರುತ್ತದೆ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಈ ವ್ರತವನ್ನು ಆತ್ಮಹತ್ಯೆಗೆ ಸಮ ಎಂದಿತು. ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ‘ನಿರಾಹಾರ ಮರಣ’ ಎಂದರೆ ಘಟನೆ ತಿಳಿಯುತ್ತದೆ, ಸಂಕಲ್ಪ ತಿಳಿಯುವುದಿಲ್ಲ.

ಅನುವಾದಕ ಏನು ಮಾಡಬಹುದು

ಇಡೀ ಪುಸ್ತಕದಲ್ಲಿ ‘ಧರ್ಮ’ಕ್ಕೆ ಒಂದೇ ಇಂಗ್ಲಿಷ್ ಮಾತು ಇಟ್ಟರೆ ತಪ್ಪು ಖಚಿತ. ಪ್ರತಿ ಸಲ ಬೇರೆ ಮಾತು ಇಟ್ಟರೆ, ಮೂಲದಲ್ಲಿ ಒಂದೇ ಪದವಿತ್ತು ಎಂಬುದು ಓದುಗನಿಗೆ ತಿಳಿಯದೆ ಹೋಗುತ್ತದೆ. ಪದವನ್ನು ಹಾಗೇ ಉಳಿಸಿದರೆ ಓದುವವನು ತನಗೆ ಗೊತ್ತಿರುವ ‘ರಿಲಿಜನ್’ ಅನ್ನೇ ಅದರಲ್ಲಿ ತುಂಬುವ ಭಯವಿದೆ. ಹಾಗಾಗಿ ನನ್ನ ಒಲವು ಇಷ್ಟು: ‘ಧರ್ಮ’ ಎಂದೇ ಉಳಿಸಿ, ಆ ಸಾಲಿನಲ್ಲಿ ಅದು ಏನನ್ನು ಸೂಚಿಸುತ್ತದೋ ಅದನ್ನು ಬೆನ್ನಿಗೇ ಬರೆಯುವುದು. ಬ್ರಹ್ಮಗಿರಿಯಲ್ಲಿ ಅದು ನಡತೆ, ದಾನಶಾಸನದಲ್ಲಿ ಕೆರೆಯೋ ಗದ್ದೆಯೋ, ಉಯಿಲಿನಲ್ಲಿ ಅನ್ನಸತ್ರ. ಹೀಗೆ ಮಾಡಿದರೆ ವಾಕ್ಯ ಉದ್ದವಾಗುತ್ತದೆ, ಅಂದಗೆಡುತ್ತದೆ. ಶಾಸನ, ಉಯಿಲು, ಕಾಯಿದೆಗಳಲ್ಲಿ ಅದನ್ನು ಒಪ್ಪಿಕೊಳ್ಳಬೇಕು. ಕಾವ್ಯದ ಅನುವಾದದಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಕವಿ ಎರಡು ಮೂರು ಅರ್ಥಗಳನ್ನು ಬೇಕೆಂದೇ ಒಟ್ಟಿಗೆ ಹಿಡಿದಿರುತ್ತಾನೆ.