ಫೂರಿಯೇ ರೋಹಿತದರ್ಶನದ ಇತಿಹಾಸ

ಬೆಳಕನ್ನು ಎರಡು ಕಿರಣಗಳಾಗಿ ಒಡೆದು, ಒಂದನ್ನು ನಿಂತ ಕನ್ನಡಿಗೂ ಇನ್ನೊಂದನ್ನು ಸರಿಯುವ ಕನ್ನಡಿಗೂ ಕಳಿಸಿ, ಮರಳಿ ಕೂಡಿಸಿದರೆ ಕನ್ನಡಿ ಸರಿದಂತೆಲ್ಲ ಬೆಳಕು ಏರಿಳಿಯುತ್ತದೆ. ಈ ಏರಿಳಿತದ ದಾಖಲೆಯಿಂದ ಮೂಲ ಬೆಳಕಿನ ರೋಹಿತವನ್ನು ಲೆಕ್ಕಹಾಕಿ ತೆಗೆಯುವ ವಿಧಾನವೇ ಫೂರಿಯೇ ರೋಹಿತದರ್ಶನ.

ಇದರ ತಿರುಳು ಸೋಡಿಯಂ ದೀಪದಲ್ಲಿದೆ. ಅದರ ಹಳದಿ ಬೆಳಕಿನಲ್ಲಿ 589.0 ಮತ್ತು 589.6 ನ್ಯಾನೋಮೀಟರಿನ ಎರಡು ರೇಖೆಗಳಿವೆ. ಎರಡರ ಅಲೆಗಳೂ ಜೊತೆಯಾಗಿ ಹೊರಟು, ಪಥಾಂತರ ಹೆಚ್ಚಿದಂತೆ ಹೆಜ್ಜೆ ತಪ್ಪುತ್ತವೆ. ಸುಮಾರು 490 ಪಟ್ಟೆ ದಾಟುವಷ್ಟರಲ್ಲಿ ಪಟ್ಟೆಗಳು ಮಸುಕಾಗಿ, 980ರ ಹೊತ್ತಿಗೆ ಮತ್ತೆ ಸ್ಪಷ್ಟವಾಗುತ್ತವೆ. ಫಿಜೋ ಇದನ್ನು 1862ರಲ್ಲೇ ಕಂಡಿದ್ದ. ನಮ್ಮ ಎಂ.ಎಸ್ಸಿ. ಪ್ರಯೋಗಾಲಯಗಳಲ್ಲಿ ಮೈಕೆಲ್ಸನ್ ಉಪಕರಣದ ತಿರುಪು ತಿರುಗಿಸುವವರಿಗೂ ಇದು ಪರಿಚಿತ: ಕನ್ನಡಿ 0.29 ಮಿಲಿಮೀಟರು ಸರಿದಾಗೊಮ್ಮೆ ಪಟ್ಟೆ ಮಾಯವಾಗುತ್ತದೆ. ಆ ದೂರದಿಂದಲೇ ರೇಖೆಗಳ ಅಂತರ ಸಿಗುತ್ತದೆ.

1891ರ ಹೊತ್ತಿಗೆ ಮೈಕೆಲ್ಸನ್ ಪಟ್ಟೆಗಳ ಸ್ಪಷ್ಟತೆಯನ್ನು ಕಣ್ಣಂದಾಜಿನಲ್ಲೇ ಗುರುತಿಸಿ, ಹೈಡ್ರೋಜನ್ನಿನ ಕೆಂಪು ರೇಖೆ ಜೋಡಿರೇಖೆಯೆಂದು ತೋರಿಸಿದ. ಕೊರತೆಯನ್ನು ಎತ್ತಿ ತೋರಿಸಿದವನು ರ್‍ಯಾಲೆ. ಸ್ಪಷ್ಟತೆ ಎಷ್ಟೆಂದು ಗೊತ್ತಾದರೆ ಸಾಲದು, ಪ್ರತಿ ಪಟ್ಟೆ ಎಲ್ಲಿ ಬಿದ್ದಿತೆಂಬುದೂ ಬೇಕು. ಇಲ್ಲದಿದ್ದರೆ ದೊಡ್ಡ ರೇಖೆಯ ಎಡಕ್ಕೆ ಚಿಕ್ಕದಿದೆಯೋ ಬಲಕ್ಕಿದೆಯೋ ಹೇಳಲಾಗದು. ಈ ಆಕ್ಷೇಪ ನ್ಯಾಯವೇ.

ಪೂರ್ಣ ದಾಖಲೆಯಿಂದ ಸಂಖ್ಯಾಲೆಕ್ಕದ ಮೂಲಕ ರೋಹಿತ ತೆಗೆಯುವ ದಾರಿಯನ್ನು 1951ರ ಪ್ರಬಂಧದಲ್ಲಿ ತೋರಿಸಿದವನು ಕೇಂಬ್ರಿಡ್ಜಿನ ಪೀಟರ್ ಫೆಲ್ಗೆಟ್. ಜಾಲರಿಯ ಯಂತ್ರ ತರಂಗಾಂತರಗಳನ್ನು ಒಂದೊಂದಾಗಿ ಅಳೆದರೆ, ಇಲ್ಲಿ ಎಲ್ಲವೂ ಇಡೀ ಹೊತ್ತು ಶೋಧಕದ ಮೇಲೆ ಬೀಳುತ್ತವೆ. ಗದ್ದಲ ಶೋಧಕದ್ದೇ ಆಗಿದ್ದಾಗ ಮಾತ್ರ ಇದರ ಲಾಭ ದೊಡ್ಡದು. ಬೆಳಕಿನದೇ ಗದ್ದಲವಿರುವ ದೃಗ್ಗೋಚರ ಬೆಳಕಿನಲ್ಲಿ ಆ ಲಾಭ ಕರಗುತ್ತದೆ. ಹಾಗಾಗಿಯೇ ಈ ವಿಧಾನ ಅವಕೆಂಪಿನಲ್ಲಿ ಬೇರೂರಿತು.

ಉಳಿದ ತೊಡಕು ಲೆಕ್ಕದ್ದು. 16,384 ಬಿಂದುಗಳ ದಾಖಲೆಗೆ ನೇರ ವಿಧಾನದಲ್ಲಿ ಸುಮಾರು 27 ಕೋಟಿ ಗುಣಾಕಾರ ಬೇಕು. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ವೇಗದ ವಿಧಾನ ಇದನ್ನು ಎರಡು ಲಕ್ಷದ ಆಸುಪಾಸಿಗೆ ಇಳಿಸಿತು. ಮರುವರ್ಷವೇ ಫೋರ್ಮನ್ ಅದನ್ನು ಈ ಕೆಲಸಕ್ಕೆ ಹಚ್ಚಿದ. ಪಿಯೇರ್ ಮತ್ತು ಜಾನೀನ್ ಕಾನ್ ದಂಪತಿಗಳ ರೋಹಿತಗಳ ಬಲದಿಂದ 1967ರಲ್ಲಿ ಶುಕ್ರಗ್ರಹದ ವಾತಾವರಣದಲ್ಲಿ ಹೈಡ್ರೋಜನ್ ಕ್ಲೋರೈಡ್ ಪತ್ತೆಯಾಯಿತು.

ಈಗಿನ ಯಂತ್ರಗಳು ಕನ್ನಡಿಯ ಸ್ಥಾನವನ್ನು ಹೀಲಿಯಂ-ನಿಯಾನ್ ಲೇಸರಿನ ಪಟ್ಟೆಗಳಿಂದಲೇ ಎಣಿಸುತ್ತವೆ. 632.8 ನ್ಯಾನೋಮೀಟರಿನ ಪಥಾಂತರಕ್ಕೊಂದು ಓದು ತೆಗೆದರೆ, ಸೆಂಟಿಮೀಟರಿಗೆ 7,900 ಅಲೆಗಳವರೆಗಿನ ಬೆಳಕಷ್ಟೇ ಸರಿಯಾಗಿ ಸಿಗುತ್ತದೆ. ಅದಕ್ಕಿಂತ ಮೇಲಿನದು ಮಡಚಿಕೊಂಡು ಬಂದು ಕೂರುತ್ತದೆ. ಸೋಸುಗಾಜಿಲ್ಲದೆ ಸೋಡಿಯಂ ಬೆಳಕು ಒಳಹೊಕ್ಕರೆ 1,170ರ ಆಸುಪಾಸಿನಲ್ಲಿ ಇಲ್ಲದ ರೇಖೆ ಮೂಡುತ್ತದೆ. ಅನುಮಾನ ಬಂದರೆ ಓದಿನ ಅಂತರವನ್ನು ಬದಲಿಸಿ ನೋಡಬೇಕು: ನಿಜವಾದ ರೇಖೆ ಕದಲದು, ಮಡಚಿ ಬಂದದ್ದು ಜಾಗ ಬಿಡುತ್ತದೆ.