ಒಂದೇ ಸಂಖ್ಯೆಯೊಳಗೆ ಮೂರು ಊರು: ರಾಯಚೂರು, ದೇವದುರ್ಗ, ಮಾನ್ವಿ ನಕ್ಷೆಯ ಸ್ಥಾನ ನಿಖರತೆಯನ್ನು ಅಳೆಯುವ ಬಗೆ

ನಕ್ಷೆಯೊಂದರ ಸ್ಥಾನ ನಿಖರತೆಯನ್ನು ಹೇಳುವಾಗ ವರದಿಗಳು ಸಾಮಾನ್ಯವಾಗಿ ಒಂದೇ ಸಂಖ್ಯೆ ಕೊಡುತ್ತವೆ. ನಕ್ಷೆಯಲ್ಲಿ ಗುರುತಿಸಿದ ಕೆಲವು ಬಿಂದುಗಳನ್ನು ನೆಲದ ಮೇಲೆ ಹೆಚ್ಚು ನಿಖರವಾಗಿ ಅಳೆದು, ಎರಡರ ನಡುವಿನ ವ್ಯತ್ಯಾಸಗಳನ್ನು ವರ್ಗ ಮಾಡಿ, ಸರಾಸರಿ ತೆಗೆದು, ಅದರ ವರ್ಗಮೂಲ ಹಿಡಿದರೆ ಸಿಗುವುದು ಈ ಸಂಖ್ಯೆ. ಇದನ್ನು ಆರ್‌ಎಂಎಸ್‌ಇ ಎನ್ನುತ್ತಾರೆ. ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಮೂರನ್ನೂ ಒಳಗೊಂಡ ದತ್ತಾಂಶಕ್ಕೆ ಹೀಗೆ ಒಂದೇ ಸಂಖ್ಯೆ ಕೊಟ್ಟರೆ ಅದು ಮೂರರಲ್ಲಿ ಯಾವ ಊರಿಗೂ ಹೊಂದದಿರಬಹುದು ಎಂಬುದು ಈ ಲೇಖನದ ವಾದ. ವಿಧಾನವನ್ನು ತೋರಿಸಲು ಮುಂದೆ ಬಳಸಿರುವ ದೋಷದ ಅಂಕಿಗಳು ಲೆಕ್ಕಕ್ಕಾಗಿ ಕಲ್ಪಿಸಿಕೊಂಡವು. ಅಕ್ಷಾಂಶ, ರೇಖಾಂಶ, ಪ್ರಕ್ಷೇಪಗಳ ಅಂಕಿಗಳು ಮಾತ್ರ ಈ ಊರುಗಳವೇ.

ಮೂರು ಊರುಗಳೂ ಒಂದೇ ಜಿಲ್ಲೆಯವಾದರೂ ನಕ್ಷೆಗಾರನ ಕಣ್ಣಿಗೆ ಅವು ಒಂದೇ ಕಡೆ ಇಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ಹಾಳೆಗಳ ಹಳೆಯ ಕ್ರಮದಲ್ಲಿ ರಾಯಚೂರು ನಗರ 56 H/8ರಲ್ಲಿ, ದೇವದುರ್ಗ 56 D/15ರಲ್ಲಿ, ಮಾನ್ವಿ 57 E/1ರಲ್ಲಿ ಬರುತ್ತವೆ. 77 ಡಿಗ್ರಿ ರೇಖಾಂಶ ದೇವದುರ್ಗವನ್ನು ಉಳಿದೆರಡರಿಂದ ಬೇರ್ಪಡಿಸುತ್ತದೆ. 16 ಡಿಗ್ರಿ ಅಕ್ಷಾಂಶ ಮಾನ್ವಿ ಪಟ್ಟಣದ ತೀರ ಹತ್ತಿರ, ಉತ್ತರಕ್ಕೆ ಹಾಯುತ್ತದೆ. ಹಾಗಾಗಿ ಹಾಳೆಗಳನ್ನು ಸ್ಕ್ಯಾನ್ ಮಾಡಿ, ಒಂದೊಂದನ್ನೂ ಬೇರೆ ಬೇರೆಯಾಗಿ ಭೂಸ್ಥಾನಕ್ಕೆ ಕೂರಿಸಿ, ಆಮೇಲೆ ಜೋಡಿಸಿ ದತ್ತಾಂಶ ತಯಾರಿಸಿದ್ದರೆ, ಮೂರು ಊರುಗಳಲ್ಲಿ ಮೂರು ಬೇರೆ ಬೇರೆ ದೋಷಗಳು ಸೇರಿಕೊಂಡಿರುವ ಸಾಧ್ಯತೆಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಪಗ್ರಹ ಚಿತ್ರದಿಂದ ಮಾಡಿದ ನಕ್ಷೆಗೂ ಇದೇ ಮಾತು ಸಲ್ಲುತ್ತದೆ. ಮೂರು ಊರುಗಳು ಮೂರು ದಿನ, ಮೂರು ಕೋನದಿಂದ ತೆಗೆದ ಚಿತ್ರಗಳಲ್ಲಿ ಬಂದಿರಬಹುದು.

ತಪಾಸಣಾ ಬಿಂದುಗಳ ಆಯ್ಕೆಯಲ್ಲೇ ಅರ್ಧ ಫಲಿತಾಂಶ ನಿರ್ಧಾರವಾಗುತ್ತದೆ. ನಕ್ಷೆಯನ್ನು ಭೂಸ್ಥಾನಕ್ಕೆ ಕೂರಿಸಲು ಬಳಸಿದ ನಿಯಂತ್ರಣ ಬಿಂದುಗಳನ್ನು ತಪಾಸಣೆಗೆ ಮತ್ತೆ ಬಳಸಬಾರದು. ನಕ್ಷೆಯನ್ನು ಆ ಬಿಂದುಗಳಿಗೆ ಹೊಂದಿಸಿಯೇ ಇರುವುದರಿಂದ ಅಲ್ಲಿ ಬರುವ ದೋಷ ನಿಜಕ್ಕಿಂತ ಕಡಿಮೆಯೇ ಇರುತ್ತದೆ. ಬಿಂದು ನಕ್ಷೆಯಲ್ಲೂ ನೆಲದಲ್ಲೂ ಸಂದೇಹವಿಲ್ಲದೆ ಒಂದೇ ಆಗಿರಬೇಕು. ರಾಯಚೂರು ಸೀಮೆಯ ಎರೆ ಭೂಮಿಯಲ್ಲಿ ಇದು ಸುಲಭವಲ್ಲ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದರಲ್ಲಿ ಆಳವಿಲ್ಲದೆ ಹೂತ ಗುರುತುಗಳು ವಾಲುತ್ತವೆ. ಹೊಲದ ಒಡ್ಡು ವರ್ಷ ವರ್ಷ ಅತ್ತಿತ್ತ ಸರಿಯುತ್ತದೆ. ಕೆರೆಯ ಅಂಚು ನೀರಿನ ಮಟ್ಟದೊಂದಿಗೆ ಬದಲಾಗುತ್ತದೆ. ಇವು ಮೂರೂ ಚಿತ್ರದಲ್ಲಿ ಚೊಕ್ಕವಾಗಿ ಕಾಣುತ್ತವೆ, ಆದರೆ ಮೂರೂ ಬೇಡ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲಿನ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ಮೇಲಿನ ಸಣ್ಣ ಸೇತುವೆಗಳ ತಡೆಗೋಡೆಯ ಮೂಲೆಗಳು ಇದಕ್ಕೆ ಹೇಳಿ ಮಾಡಿಸಿದಂಥವು. ಅಡಿಪಾಯ ಗಟ್ಟಿ, ಮೂಲೆ ತೀಕ್ಷ್ಣ, ಆಕಾಶ ಬಯಲು. ಊರೊಳಗೆ ಕಾಂಕ್ರೀಟ್ ರಸ್ತೆಗಳು ಕೂಡುವ ಅಂಚು, ಆವರಣ ಗೋಡೆಯ ನೆಲಮಟ್ಟದ ಮೂಲೆ ಒಳ್ಳೆಯವು. ಮಾಳಿಗೆಯ ಮೂಲೆ ಬೇಡ, ಏಕೆಂದರೆ ಓರೆಯಾಗಿ ತೆಗೆದ ಚಿತ್ರದಲ್ಲಿ ಕಟ್ಟಡ ವಾಲಿದಂತೆ ಬಂದು ಮಾಳಿಗೆ ತನ್ನ ಬುಡದಿಂದ ಪಕ್ಕಕ್ಕೆ ಸರಿದಿರುತ್ತದೆ. ರಾಯಚೂರು ಕೋಟೆಯ ಎತ್ತರದ ಕಲ್ಲುಗೋಡೆಗಳ ಪಕ್ಕದಲ್ಲೂ ಬಿಂದು ಹಿಡಿಯಬಾರದು. ಅಲ್ಲಿ ಉಪಗ್ರಹದ ಸಂಕೇತ ಗೋಡೆಗೆ ಬಡಿದು ತಿರುಗಿ ಬಂದು ಅಳತೆಯೇ ಕೆಡುತ್ತದೆ.

ಕೋಟೆ ಬೆಟ್ಟದ ಮೇಲಿನ ಬಿಂದುಗಳಿಗೆ ಇನ್ನೊಂದು ತೊಡಕಿದೆ. ಚಿತ್ರವನ್ನು ಸರಿಪಡಿಸುವಾಗ ಬಳಸಿದ ಎತ್ತರದ ಮಾದರಿ ಬೆಟ್ಟದ ತುದಿಯನ್ನು, ಉದಾಹರಣೆಗೆ, 40 ಮೀಟರ್ ತಗ್ಗಿಸಿ ತೋರಿಸಿದ್ದು, ಚಿತ್ರ ನೆತ್ತಿಯಿಂದ 15 ಡಿಗ್ರಿ ಓರೆಯಾಗಿದ್ದರೆ, ಆ ಬಿಂದು ಸುಮಾರು 10.7 ಮೀಟರ್ ಪಕ್ಕಕ್ಕೆ ಬೀಳುತ್ತದೆ. ಬಯಲಿನ ಬಿಂದುಗಳ ಜೊತೆ ಇಂಥ ಒಂದು ಬಿಂದು ಸೇರಿದರೂ, ದೋಷವನ್ನು ವರ್ಗ ಮಾಡುವುದರಿಂದ, ಆರ್‌ಎಂಎಸ್‌ಇ ಬಹುತೇಕ ಅದರದೇ ಆಗಿಬಿಡುತ್ತದೆ. ಹಾಗೆಂದು ಅದನ್ನು ಸದ್ದಿಲ್ಲದೆ ತೆಗೆದುಹಾಕಬಾರದು. ಬೆಟ್ಟವನ್ನು ಬೇರೆಯೇ ವಲಯವೆಂದು ಘೋಷಿಸಿ ಬೇರೆಯಾಗಿ ವರದಿ ಮಾಡುವುದು ಸರಿಯಾದ ಕ್ರಮ.

ನೆಲದ ಅಳತೆ ನಕ್ಷೆಗಿಂತ ಎಷ್ಟು ನಿಖರವಾಗಿರಬೇಕು? ಮೂರು ಪಟ್ಟು ಎಂಬುದು ರೂಢಿಯ ನಿಯಮ. ಕರ್ನಾಟಕದಲ್ಲಿ ಸರ್ವೇಕ್ಷಣಾ ಇಲಾಖೆಯ ನಿರಂತರ ಉಪಗ್ರಹ ಸ್ವೀಕಾರ ಕೇಂದ್ರಗಳ ಜಾಲ ಇರುವುದರಿಂದ, ತೆರೆದ ಆಕಾಶದಡಿ ಕೆಲವೇ ಸೆಂಟಿಮೀಟರ್ ನಿಖರತೆ ಸಿಗುತ್ತದೆ. ಒಂದೆರಡು ಮೀಟರ್ ದೋಷದ ನಕ್ಷೆಗೆ ಇದು ಧಾರಾಳ. ಅಪಾಯ ಇರುವುದು ಉಪಕರಣದಲ್ಲಲ್ಲ, ನಿರ್ದೇಶಾಂಕ ವ್ಯವಸ್ಥೆಗಳ ಹೊಂದಾಣಿಕೆಯಲ್ಲಿ.

ಈ ಹೊಂದಾಣಿಕೆಯ ತಪ್ಪುಗಳಿಗೆ ಒಂದೊಂದಕ್ಕೂ ತನ್ನದೇ ಗುರುತಿದೆ. ಹಳೆಯ ಹಾಳೆಗಳು ಎವರೆಸ್ಟ್ ದೀರ್ಘವೃತ್ತಜವನ್ನು ಆಧರಿಸಿದವು, ಉಪಗ್ರಹ ಸ್ವೀಕಾರಕ ಕೊಡುವುದು ಡಬ್ಲ್ಯುಜಿಎಸ್ 84. ಪರಿವರ್ತನೆ ಮರೆತರೆ ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ ನೂರು ಮೀಟರಿಗೂ ಮೀರಿ ಸರಿದಿರುತ್ತವೆ. ಅಷ್ಟು ದೊಡ್ಡದಾದ್ದರಿಂದ ಅದು ಅಡಗುವುದಿಲ್ಲ. ಅಡಗುವುದು ಚಿಕ್ಕವು. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿರುವುದರಿಂದ, ನಕ್ಷೆಯ ನಿರ್ದೇಶಾಂಕಗಳ ಕಾಲಕ್ಕೂ ಅಳತೆಯ ಕಾಲಕ್ಕೂ 20 ವರ್ಷ ಅಂತರವಿದ್ದರೆ ಸುಮಾರು ಒಂದು ಮೀಟರ್ ವ್ಯತ್ಯಾಸ ಬರುತ್ತದೆ. ಆಗ ನಕ್ಷೆಯ ಬಿಂದು ನೆಲದ ಬಿಂದುವಿಗಿಂತ ನೈಋತ್ಯದಲ್ಲಿರುತ್ತದೆ. ಇನ್ನು ರಾಯಚೂರಿನದೇ ಆದ ಒಂದು ತೊಂದರೆ. ಮೂರೂ ಊರುಗಳು ಯುಟಿಎಂ 43ನೇ ವಲಯದಲ್ಲಿವೆ, ಅದರ ಮಧ್ಯರೇಖೆ 75 ಡಿಗ್ರಿ. 77.35 ಡಿಗ್ರಿಯಲ್ಲಿರುವ ರಾಯಚೂರು ನಗರ ವಲಯದ ಪೂರ್ವ ಅಂಚಿಗೆ ಸಮೀಪ. ಅಲ್ಲಿ ಪ್ರಕ್ಷೇಪದ ಅಳತೆ ಗುಣಾಂಕ ಸುಮಾರು 1.00038, ಮಾನ್ವಿಯಲ್ಲಿ 1.00019, ದೇವದುರ್ಗದಲ್ಲಿ 1.00012. ಸಮುದ್ರಮಟ್ಟದಿಂದ ನಾನ್ನೂರು ಮೀಟರಿನ ಆಸುಪಾಸಿನ ನೆಲದ ಎತ್ತರಕ್ಕಾಗಿ ಇದರಲ್ಲಿ ಕಿಲೋಮೀಟರಿಗೆ ಐದಾರು ಸೆಂ.ಮೀ. ಕಳೆದರೂ, ರಾಯಚೂರಿನಲ್ಲಿ ನೆಲದ ಒಂದು ಕಿಲೋಮೀಟರ್ ಗ್ರಿಡ್‌ನಲ್ಲಿ 30 ಸೆಂ.ಮೀ.ಗೂ ಹೆಚ್ಚು ಉದ್ದವಾಗುತ್ತದೆ. ಒಂದೇ ಬಿಂದುವಿನಿಂದ ಹೊರಟು ಟೋಟಲ್ ಸ್ಟೇಷನ್‌ನಲ್ಲಿ ಅಳೆದ ದೂರಗಳನ್ನು ಗುಣಾಂಕ ಹಾಕದೆ ಯುಟಿಎಂಗೆ ಸೇರಿಸಿದರೆ, ಮೂರು ಕಿಲೋಮೀಟರ್ ಆಚೆ ಹತ್ತಿರ ಹತ್ತಿರ ಒಂದು ಮೀಟರ್ ತಪ್ಪು ಕೂಡಿರುತ್ತದೆ. ಆಗ ತಪ್ಪು ತಪಾಸಣೆಯದು, ಆದರೆ ಹೆಸರು ಕೆಡುವುದು ನಕ್ಷೆಯದು. ಇದರ ಗುರುತೆಂದರೆ ದೋಷದ ಬಾಣಗಳು ಮೂಲಬಿಂದುವಿನ ಸುತ್ತ ತ್ರಿಜ್ಯಗಳಂತೆ ಹರಡಿ, ದೂರ ಹೋದಂತೆ ಉದ್ದವಾಗುತ್ತವೆ.

ಈಗ ಮಾನ್ವಿಯ ಉದಾಹರಣೆಯನ್ನು ಲೆಕ್ಕ ಹಾಕೋಣ. ಲೆಕ್ಕ ಕಣ್ಣಿಗೆ ಕಾಣಲೆಂದು ಆರೇ ಬಿಂದು ಇಟ್ಟುಕೊಂಡಿದ್ದೇನೆ. ವ್ಯತ್ಯಾಸವೆಂದರೆ ನಕ್ಷೆಯ ಬೆಲೆಯಿಂದ ನೆಲದ ಅಳತೆಯನ್ನು ಕಳೆದದ್ದು, ಮೀಟರ್‌ಗಳಲ್ಲಿ.

| ಬಿಂದು | ಪೂರ್ವ ΔE | ಉತ್ತರ ΔN |
|---|---|---|
| 1 | 2.1 | −0.6 |
| 2 | 2.6 | −1.1 |
| 3 | 1.8 | −0.2 |
| 4 | 2.9 | −0.9 |
| 5 | 2.3 | 0.3 |
| 6 | 1.5 | −0.5 |

ಪೂರ್ವ ದಿಕ್ಕಿನ ವರ್ಗಗಳ ಮೊತ್ತ 30.36, ಆರರಿಂದ ಭಾಗಿಸಿದರೆ 5.06. ಉತ್ತರದ್ದು 2.76, ಭಾಗಿಸಿದರೆ 0.46. ಹೀಗೆ

RMSE_E = √5.06 = 2.25
RMSE_N = √0.46 = 0.68
RMSE_r = √(5.06 + 0.46) = 2.35

ಬಹಳಷ್ಟು ವರದಿಗಳು 2.35 ಮೀಟರ್ ಎಂದು ಬರೆದು ಇಲ್ಲಿಗೇ ನಿಲ್ಲುತ್ತವೆ. ಅದನ್ನು 1.7308ರಿಂದ ಗುಣಿಸಿ ಶೇ. 95ರ ಮಟ್ಟದ ನಿಖರತೆ ಎನ್ನುವವರೂ ಇದ್ದಾರೆ. ಈ ಗುಣಕ ಅಮೆರಿಕದ ಫೆಡರಲ್ ಜಿಯಾಗ್ರಫಿಕ್ ಡೇಟಾ ಕಮಿಟಿ 1998ರಲ್ಲಿ ಪ್ರಕಟಿಸಿದ ಮಾನದಂಡದ್ದು. ಎರಡೂ ದಿಕ್ಕಿನ ದೋಷ ಸಮನಾಗಿದ್ದರೆ ಮಾತ್ರ ಅದನ್ನು ಬಳಸಬಹುದು. ಚಿಕ್ಕದು ದೊಡ್ಡದರ 0.6ರಷ್ಟಾದರೂ ಇದ್ದರೆ ಆ ಮಾನದಂಡದಲ್ಲಿ ಇನ್ನೊಂದು ಅಂದಾಜಿನ ಸೂತ್ರವಿದೆ. ನಮ್ಮಲ್ಲಿ 0.68ನ್ನು 2.25ರಿಂದ ಭಾಗಿಸಿದರೆ 0.30. ಎರಡು ಸೂತ್ರಗಳೂ ಇಲ್ಲಿ ಸಲ್ಲವು. ಈ ಅಸಮತೆಯೇ ಮುಂದೆ ನೋಡು ಎನ್ನುವ ಸೂಚನೆ.

ಸರಾಸರಿ ತೆಗೆದು ನೋಡಿದರೆ ಪೂರ್ವಕ್ಕೆ 2.2, ಉತ್ತರಕ್ಕೆ −0.5. ಅಂದರೆ ಆರೂ ಬಿಂದುಗಳು ಒಟ್ಟಾಗಿ ಪೂರ್ವಕ್ಕೆ ಸರಿದಿವೆ. 5.06ರಿಂದ ಸರಾಸರಿಯ ವರ್ಗ 4.84 ಕಳೆದರೆ 0.22 ಉಳಿಯುತ್ತದೆ, ಉತ್ತರದಲ್ಲಿ 0.46ರಿಂದ 0.25 ಕಳೆದರೆ 0.21. ಎರಡನ್ನೂ ಕೂಡಿಸಿ ವರ್ಗಮೂಲ ತೆಗೆದರೆ 0.66 ಮೀಟರ್. ಒಟ್ಟು ದೋಷದ ಬಹುಪಾಲು ಒಂದೇ ಪಲ್ಲಟ. ಬಿಂದುಗಳ ಚದುರುವಿಕೆ ಚಿಕ್ಕದು, ಎರಡೂ ದಿಕ್ಕಿನಲ್ಲಿ ಸಮ. ಪಲ್ಲಟದ ದಿಕ್ಕು ಪೂರ್ವವಾದ್ದರಿಂದ ಭೂಫಲಕದ ಚಲನೆ ಕಾರಣವಲ್ಲ, ಅದಾಗಿದ್ದರೆ ನೈಋತ್ಯಕ್ಕೆ ಇರಬೇಕಿತ್ತು. ಬಾಣಗಳು ತ್ರಿಜ್ಯದಂತೆ ಹರಡಿಲ್ಲವಾದ್ದರಿಂದ ಅಳತೆ ಗುಣಾಂಕವೂ ಅಲ್ಲ. ಆಗ ಉಳಿಯುವ ಬಲವಾದ ಶಂಕೆ, ಆ ಹಾಳೆಯನ್ನೋ ಚಿತ್ರವನ್ನೋ ಭೂಸ್ಥಾನಕ್ಕೆ ಕೂರಿಸಿದ್ದರಲ್ಲಿ ಆದ ತಪ್ಪು. 16 ಡಿಗ್ರಿ ಗೆರೆಯ ಎರಡೂ ಬದಿಗೆ ಕೆಲವು ಬಿಂದುಗಳನ್ನು ಅಳೆದರೆ ಇದು ಖಚಿತವಾಗುತ್ತದೆ. ಗೆರೆಯ ದಕ್ಷಿಣದಲ್ಲಿ ಮಾತ್ರ ಪಲ್ಲಟವಿದ್ದರೆ ದೋಷ ಹಾಳೆಯದು.

ಪಲ್ಲಟವನ್ನು ಸರಿಪಡಿಸಬಹುದು. ಆದರೆ ಸರಿಪಡಿಸಿದ ನಕ್ಷೆಯ ನಿಖರತೆ 0.66 ಎಂದು ಅದೇ ಆರು ಬಿಂದುಗಳ ಬಲದಿಂದ ಘೋಷಿಸುವಂತಿಲ್ಲ. ತಿದ್ದುಪಡಿಗೆ ಬಳಸಿದ ಕ್ಷಣ ಅವು ನಿಯಂತ್ರಣ ಬಿಂದುಗಳಾದವು. ಹೊಸ ತಪಾಸಣಾ ಬಿಂದುಗಳು ಬೇಕು. ಸಂಖ್ಯೆಯ ವಿಷಯದಲ್ಲಿ 1998ರ ಮಾನದಂಡ ಕನಿಷ್ಠ 20 ಎಂದರೆ, ಅಮೆರಿಕದ ಫೋಟೊಗ್ರಾಮೆಟ್ರಿ ಸಂಘದ 2023ರ ಆವೃತ್ತಿ 30 ಎನ್ನುತ್ತದೆ. ಕಾರಣ ಸರಳ. ಒಂದು ದಿಕ್ಕಿನ ಆರ್‌ಎಂಎಸ್‌ಇಯಲ್ಲೇ ಆರು ಬಿಂದುಗಳಿಂದ ಸುಮಾರು ಶೇ. 29, ಇಪ್ಪತ್ತರಿಂದ ಸುಮಾರು ಶೇ. 16ರಷ್ಟು ಅನಿಶ್ಚಿತತೆ ಉಳಿಯುತ್ತದೆ.

ಇನ್ನು ಮೂರು ಊರುಗಳನ್ನು ಕೂಡಿಸುವ ಪ್ರಶ್ನೆ. ರಾಯಚೂರಿನಲ್ಲಿ ದೋಷ 0.8 ಮೀಟರ್, ದೇವದುರ್ಗದಲ್ಲಿ 0.9, ಮಾನ್ವಿಯಲ್ಲಿ 2.35 ಎಂದಿಟ್ಟುಕೊಳ್ಳೋಣ. ಮೂರರಲ್ಲೂ ಸಮಾನ ಸಂಖ್ಯೆಯ ಬಿಂದುಗಳಿದ್ದರೆ ಒಟ್ಟು ಆರ್‌ಎಂಎಸ್‌ಇ 1.52. ರಾಯಚೂರಿನಲ್ಲಿ ಓಡಾಟ ಸುಲಭವೆಂದು ಅಲ್ಲೇ 20 ಬಿಂದು ಹಿಡಿದು, ಉಳಿದೆರಡರಲ್ಲಿ ಐದೈದು ಹಿಡಿದರೆ ಅದೇ ನಕ್ಷೆಗೆ 1.22 ಬರುತ್ತದೆ. ನಕ್ಷೆ ಬದಲಾಗಿಲ್ಲ, ನಾವು ಬಿಂದು ಹಿಡಿದ ಜಾಗ ಮಾತ್ರ ಬದಲಾಗಿದೆ. ಎರಡೂ ಸಂಖ್ಯೆಗಳು ರಾಯಚೂರಿನ ನಕ್ಷೆಯನ್ನು ಇರುವುದಕ್ಕಿಂತ ಕೆಟ್ಟದೆಂದೂ ಮಾನ್ವಿಯದನ್ನು ಇರುವುದಕ್ಕಿಂತ ಒಳ್ಳೆಯದೆಂದೂ ಹೇಳುತ್ತವೆ. ಮಾನ್ವಿಯಲ್ಲಿ ನೀರಿನ ಕೊಳವೆಯ ಮಾರ್ಗವನ್ನೋ ನಿವೇಶನದ ಗಡಿಯನ್ನೋ ಈ ನಕ್ಷೆಯಿಂದ ಗುರುತಿಸುವವರಿಗೆ ಇದು ಸಣ್ಣ ವಿಷಯವಲ್ಲ.

ಆದ್ದರಿಂದ ನಮ್ಮ ಜಿಲ್ಲೆಗಳ ನಕ್ಷೆಗಳನ್ನು ಪ್ರಕಟಿಸುವ ಇಲಾಖೆಗಳಿಗೂ ಸಂಶೋಧಕರಿಗೂ ಒಂದು ವಿನಂತಿ: ಆರ್‌ಎಂಎಸ್‌ಇಯನ್ನು ಊರಿಗೊಂದರಂತೆ ಬೇರೆ ಬೇರೆಯಾಗಿ ಕೊಡಿ, ಪಕ್ಕದಲ್ಲೇ ΔE, ΔN ಸರಾಸರಿಗಳನ್ನೂ ಬರೆಯಿರಿ, ಮತ್ತು ಪ್ರತಿ ಬಿಂದುವಿನ ವ್ಯತ್ಯಾಸದ ಪಟ್ಟಿಯನ್ನು ನಕ್ಷೆಯ ಜೊತೆಗೇ ಲಗತ್ತಿಸಿ.